ಚಿಮ್ನಿ ಎಳೆಯುತ್ತಿಲ್ಲ ಎಂದರೆ ಮೋಟಾರು ಹೋಯಿತು ಎಂದಲ್ಲ

ಮಾಗಡಿ ಸೀಮೆಯಲ್ಲಿ ಸೊಗಡವರೆ ಬಂತೆಂದರೆ ಬಾಣಲೆ ಒಲೆಯಿಂದ ಇಳಿಯುವುದಿಲ್ಲ. ಡಿಸೆಂಬರ್‌ನಿಂದ ಸಂಕ್ರಾಂತಿಯವರೆಗೆ ಹಿತಕಿದ ಬೇಳೆ ಸಾರಿನ ಒಗ್ಗರಣೆ, ಕರಿದ ಅವರೆಬೇಳೆ, ನೆಂಟರು ಬಂದರೆ ನಿಪ್ಪಟ್ಟು. ಸ್ಟವ್ ಮೇಲೆ ಕೂತ ಚಿಮ್ನಿಗೆ ವರ್ಷದ ಅರ್ಧ ಜಿಡ್ಡು ಈ ಎರಡು ತಿಂಗಳಲ್ಲೇ ಸೇರುತ್ತದೆ ಎಂದರೂ ಅತಿಯಲ್ಲ. ಹಬ್ಬ ಮುಗಿಯುವ ಹೊತ್ತಿಗೆ ಮನೆಮನೆಯಲ್ಲೂ ಒಂದೇ ದೂರು: ಹೊಗೆ ಎಳೆಯುತ್ತಿಲ್ಲ, ಮೇಲಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ಆಗ ಪಕ್ಕದ ಮನೆಯವರು ಒಂದು ಹೇಳುತ್ತಾರೆ, ಅಂಗಡಿಯವರು ಇನ್ನೊಂದು, ಫೋನಿನಲ್ಲಿ ಬಂದ ವಿಡಿಯೊ ಮತ್ತೊಂದು. ನಾವೂ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಂಬಿದವರೇ.

ತಪ್ಪು ಕಲ್ಪನೆ: ಹೊಗೆ ಎಳೆಯುವುದು ಕಡಿಮೆಯಾದರೆ ಮೋಟಾರಿನ ಶಕ್ತಿ ಕುಂದಿದೆ, ಮೋಟಾರು ಬದಲಿಸಬೇಕು.

ವಾಸ್ತವ: ಮೋಟಾರು ಈ ಸಾಲಿನಲ್ಲಿ ಕೊನೆಯ ಆರೋಪಿ. ಸ್ಟವ್ ಮೇಲಿಂದ ಹೊರಟ ಗಾಳಿ ಮೊದಲು ಬ್ಯಾಫಲ್ ಫಿಲ್ಟರಿನ ಸಂದುಗಳಲ್ಲಿ ನುಸುಳಬೇಕು, ಆಮೇಲೆ ಬ್ಲೋವರಿನ ಚಕ್ರ, ಅದರ ತಲೆಯ ಮೇಲಿನ ಒಮ್ಮುಖ ಮುಚ್ಚಳ, ಪೈಪು, ಪೈಪಿನ ತಿರುವು, ಕೊನೆಗೆ ಹೊರಗೋಡೆಯ ಟೋಪಿ ಮತ್ತು ಅದರ ಜಾಲರಿ. ಇವುಗಳಲ್ಲಿ ಒಂದು ಕಟ್ಟಿಕೊಂಡರೂ ಮೋಟಾರು ಎಷ್ಟು ಚೆನ್ನಾಗಿ ತಿರುಗಿದರೂ ಹೊಗೆ ಹೋಗುವುದಿಲ್ಲ.

ಯಾವುದು ಕಟ್ಟಿದೆ ಎಂದು ತಿಳಿಯಲು ಒಂದು ಹಾಳೆ ದಿನಪತ್ರಿಕೆ ಸಾಕು. ಚಿಮ್ನಿಯನ್ನು ಜೋರು ವೇಗಕ್ಕೆ ಹಾಕಿ, ಅರ್ಧ ಹಾಳೆಯನ್ನು ಫಿಲ್ಟರಿಗೆ ತಾಗಿಸಿ ಕೈಬಿಡಿ. ಸ್ಟವ್ ಆರಿರಲಿ. ಹಾಳೆ ಅಂಟಿಕೊಂಡು ನಿಂತರೆ ಎಳೆತ ಸರಿಯಿದೆ. ಜಾರಿ ಬಿದ್ದರೆ ಚಿಮ್ನಿ ಆರಿಸಿ, ಫಿಲ್ಟರ್ ತೆಗೆದಿಟ್ಟು ಮತ್ತೆ ಓಡಿಸಿ. ಈ ಸಲ ಹಾಳೆ ಬೇಡ, ಅದು ಒಳಗೆ ಸೇರಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಒಂದು ಊದುಬತ್ತಿ ಹಚ್ಚಿ ಫಿಲ್ಟರ್ ಇದ್ದ ಜಾಗದ ಕೆಳಗೆ ಗೇಣುದ್ದ ದೂರದಲ್ಲಿ ಹಿಡಿಯಿರಿ. ಹೊಗೆ ನೇರವಾಗಿ ಮೇಲಕ್ಕೆ ಓಡಿದರೆ ಅಡ್ಡಿಯಾಗಿದ್ದದ್ದು ಫಿಲ್ಟರ್. ಆಗಲೂ ಹೊಗೆ ಸೋಮಾರಿಯಾಗಿ ಅತ್ತಿತ್ತ ಸುಳಿದರೆ ತೊಂದರೆ ಅದಕ್ಕಿಂತ ಮೇಲಿದೆ. ಮೆಕ್ಯಾನಿಕ್ ಬಂದಾಗ ಪೈಪನ್ನು ಚಿಮ್ನಿಯಿಂದ ಕಳಚಿ ಇದನ್ನೇ ಮಾಡಿಸಿ. ಪೈಪು ಬಿಚ್ಚಿದೊಡನೆ ಎಳೆತ ಬಂತೆಂದರೆ ಪೈಪೋ ಜಾಲರಿಯೋ ಕಟ್ಟಿದೆ. ಪೈಪು ಬಿಚ್ಚಿದರೂ ಬರಲಿಲ್ಲವೆಂದರೆ ಮಾತ್ರ ಚಕ್ರ ಮತ್ತು ಮೋಟಾರಿನ ಕಡೆ ನೋಡಬೇಕು.

ಹೊರಗಿನ ಟೋಪಿಯನ್ನು ಯಾರೂ ನೋಡುವುದಿಲ್ಲ. ಅದರ ಹಿಂದೆ ಸೊಳ್ಳೆಪರದೆಯಂಥ ಸಣ್ಣ ಜಾಲರಿ ಹಾಕಿಸಿಕೊಂಡ ಮನೆಗಳಿವೆ. ಇಲಿ, ಹಲ್ಲಿ ಬರಬಾರದೆಂಬ ಉದ್ದೇಶವೇನೋ ಸರಿ, ಆದರೆ ಜಿಡ್ಡುಗಾಳಿ ಅದರ ಕಣ್ಣುಗಳನ್ನು ಕೆಲವೇ ತಿಂಗಳಲ್ಲಿ ಮುಚ್ಚಿಬಿಡುತ್ತದೆ. ಜಾಲರಿಯೇ ಇಲ್ಲದಿದ್ದರೆ ಗೊರವಂಕ ಗೂಡು ಕಟ್ಟುತ್ತದೆ. ಬೆರಳು ತೂರುವಷ್ಟು ಅಗಲದ ಕಣ್ಣಿನ ಜಾಲರಿ ಜಿಡ್ಡು ಕಟ್ಟುವುದಕ್ಕೂ ಗೂಡಿಗೂ ಪರಿಹಾರ.

ತಪ್ಪು ಕಲ್ಪನೆ: ಎಣ್ಣೆ ತೊಟ್ಟಿಕ್ಕಿದರೆ ಚಿಮ್ನಿಯ ಒಳಗೆ ಏನೋ ಒಡೆದಿದೆ, ಸೋರುತ್ತಿದೆ.

ವಾಸ್ತವ: ಚಿಮ್ನಿಯೊಳಗೆ ಒಡೆದು ಸೋರಲು ಎಣ್ಣೆಯ ಡಬ್ಬಿಯೇನೂ ಇಲ್ಲ. ಅಲ್ಲಿರುವ ಅಷ್ಟೂ ಎಣ್ಣೆ ನಮ್ಮ ಬಾಣಲೆಯಿಂದ ಹೋದದ್ದು. ಹಸಿ ಬೇಳೆ ಕಾದ ಎಣ್ಣೆಗೆ ಬಿದ್ದಾಗ ಅದರ ನೀರಿನಂಶ ಸಿಡಿದು ಆವಿಯಾಗುತ್ತದೆ, ಏಳುವಾಗ ಎಣ್ಣೆಯ ಸಣ್ಣ ಹನಿಗಳನ್ನು ಹೊತ್ತೊಯ್ಯುತ್ತದೆ. ಬ್ಯಾಫಲ್ ಫಿಲ್ಟರ್ ಎಂದರೆ ಬಾಗಿದ ಸ್ಟೀಲ್ ಪಟ್ಟಿಗಳನ್ನು ಎದುರುಬದುರಾಗಿ ಜೋಡಿಸಿದ ಚೌಕಟ್ಟು. ಅದರೊಳಗೆ ಗಾಳಿ ಥಟ್ಟನೆ ತಿರುಗಬೇಕಾಗುತ್ತದೆ. ಗಾಳಿ ತಿರುಗುತ್ತದೆ, ಭಾರದ ಹನಿ ತಿರುಗಲಾರದೆ ಪಟ್ಟಿಗೆ ಬಡಿದು ಅಂಟಿಕೊಳ್ಳುತ್ತದೆ. ಅಂಟಿದ ಹನಿಗಳು ಸೇರಿ ಪಟ್ಟಿಯ ಕಾಲುವೆಯಲ್ಲಿ ಕೆಳಕ್ಕೆ ಹರಿದು, ಚೌಕಟ್ಟಿನ ತಳದ ತೂತುಗಳಿಂದ ಎಣ್ಣೆ ಬಟ್ಟಲಿಗೆ ಬೀಳಬೇಕು. ಹೀಗೆ ಹರಿಯುವ ದಾರಿ ತಪ್ಪಿದಾಗ ಅದು ಸ್ಟವ್ ಮೇಲೆ ಬೀಳುತ್ತದೆ.

ದಾರಿ ಎಲ್ಲಿ ತಪ್ಪಿತು ಎನ್ನುವುದನ್ನು ಹನಿ ಬೀಳುವ ಜಾಗವೇ ಹೇಳುತ್ತದೆ. ಕೆಳಗಿನ ಅಂಚಿನುದ್ದಕ್ಕೂ, ಬಟ್ಟಲಿನ ಅಕ್ಕಪಕ್ಕ ಬೀಳುತ್ತಿದ್ದರೆ ಬಟ್ಟಲು ತುಂಬಿದೆ ಅಥವಾ ತಳದ ತೂತು ಕಟ್ಟಿದೆ. ಮೊದಲು ಇದನ್ನು ನೋಡಿ, ಅರ್ಧ ದೂರು ಇಲ್ಲೇ ಮುಗಿಯುತ್ತದೆ. ಫಿಲ್ಟರಿನ ನಡುಮಧ್ಯೆ ಬೀಳುತ್ತಿದ್ದರೆ ಅದನ್ನು ತಿರುವುಮುರುವಾಗಿ ಕೂರಿಸಲಾಗಿದೆ ಎಂದು ಅನುಮಾನಿಸಬೇಕು. ಪಟ್ಟಿಗಳ ಕಾಲುವೆ ಮೇಲಿಂದ ಬಟ್ಟಲಿನ ಕಡೆಗೆ ಇಳಿಯುವಂತಿರಬೇಕು, ತೂತುಗಳು ಕೆಳ ಅಂಚಿನಲ್ಲಿರಬೇಕು. ಚೌಕಾಕಾರದ ಫಿಲ್ಟರನ್ನು ತೊಳೆದಾದ ಮೇಲೆ ಅಡ್ಡಡ್ಡ ಕೂರಿಸಿಬಿಡುವುದು ಸುಲಭ. ಆಗ ಪ್ರತಿ ಕಾಲುವೆಯೂ ಎಣ್ಣೆ ನಿಲ್ಲುವ ತೊಟ್ಟಿಯಾಗಿ ಅಂಚು ಮೀರಿ ತುಳುಕುತ್ತದೆ. ಎರಡು ಫಿಲ್ಟರುಗಳ ನಡುವಿನ ಸಂದಿನಿಂದಲೇ ಬೀಳುತ್ತಿದ್ದರೆ ಒಂದು ಸರಿಯಾಗಿ ಕೊಂಡಿಗೆ ಸಿಕ್ಕಿಲ್ಲ. ಆ ಸಂದಿನಲ್ಲಿ ಗಾಳಿ ಫಿಲ್ಟರಿಗೆ ತಾಗದೆ ನೇರ ಒಳಗೆ ಹೋಗುವುದರಿಂದ ಬ್ಲೋವರಿಗೂ ಬೇಗ ಜಿಡ್ಡು ಹಿಡಿಯುತ್ತದೆ.

ದೀಪದ ಗಾಜಿನ ಸುತ್ತ, ಸ್ಕ್ರೂ ತಲೆಗಳಲ್ಲಿ, ಫಿಲ್ಟರಿಗೂ ಹಿಂದೆ ಗೋಡೆಯ ಕಡೆಯಿಂದ ಬರುವ ಹನಿ ಇವಕ್ಕಿಂತ ಬೇರೆ. ಅದು ಬ್ಲೋವರಿನ ಗೂಡಿನಲ್ಲಿ ನಿಂತ ಎಣ್ಣೆ. ಬ್ಯಾಫಲ್ ಎಷ್ಟೇ ಒಳ್ಳೆಯದಿರಲಿ, ದಪ್ಪ ಹನಿಯನ್ನು ಹಿಡಿಯುತ್ತದೆಯೇ ಹೊರತು ಮಂಜಿನಂಥ ಅತಿ ಸಣ್ಣ ಹನಿಯನ್ನು ಹಿಡಿಯಲಾರದು. ಅದು ಗಾಳಿಯ ಜೊತೆಗೇ ತಿರುಗಿ ಒಳಗೆ ಹೋಗಿ ಚಕ್ರದ ಎಲೆಗಳಿಗೂ ಗೂಡಿನ ಗೋಡೆಗೂ ಅಂಟುತ್ತದೆ. ಫಿಲ್ಟರನ್ನು ವಾರವಾರ ತೊಳೆಯುವ ಮನೆಯಲ್ಲೂ ಬ್ಲೋವರಿಗೆ ಜಿಡ್ಡು ಹತ್ತುವುದು ಇದಕ್ಕೇ. ಅಲ್ಲಿಂದ ಬರುವ ಹನಿಯನ್ನು ಫಿಲ್ಟರ್ ತೊಳೆದು ನಿಲ್ಲಿಸಲಾಗದು. ಗೂಡು ಬಿಚ್ಚಿಸಿ ಒರೆಸಬೇಕು.

ತಪ್ಪು ಕಲ್ಪನೆ: ಉರಿಯುವ ಒಲೆಯ ಮೇಲೆ ಎಣ್ಣೆ ಬೀಳುವುದು ಅಪಶಕುನ, ನೆಂಟರು ಬಂದುಹೋದ ಮೇಲೆ ಶುರುವಾಯಿತೆಂದರೆ ದೃಷ್ಟಿ ತಗುಲಿದೆ.

ವಾಸ್ತವ: ಎಣ್ಣೆ ಚೆಲ್ಲಿದರೆ ಮನಸ್ಸಿಗೆ ಕಸಿವಿಸಿಯಾಗುವುದು ನಮ್ಮಲ್ಲಿ ಹಳೆಯ ಸಂಗತಿ, ಅದನ್ನು ನೋಡಿ ನಗುವುದು ಬೇಡ. ಹೇಳುವವರ ಗಮನಿಕೆಯೂ ಪೂರ್ತಿ ತಪ್ಪಲ್ಲ: ನಿಜಕ್ಕೂ ನೆಂಟರು ಬಂದುಹೋದ ಮೇಲೇ ಹನಿ ಶುರುವಾಗುತ್ತದೆ. ನೆಂಟರಿಗಾಗಿ ನಾವು ಎರಡು ದಿನ ಬಾಣಲೆಯಿಟ್ಟು ಕರಿದದ್ದು ಮಾತ್ರ ಲೆಕ್ಕಕ್ಕೆ ಬಂದಿರುವುದಿಲ್ಲ.

ಚಳಿಯೂ ಇದರಲ್ಲಿ ಪಾಲುದಾರ. ಸಾವನದುರ್ಗದ ಸುತ್ತ ಮಂಜು ಕವಿಯುವ ಬೆಳಗುಗಳಲ್ಲಿ ಹೊರಗಿನ ಪೈಪು ತಣ್ಣಗೆ ಕೊರೆಯುತ್ತಿರುತ್ತದೆ. ಇಡ್ಲಿ ಪಾತ್ರೆಯ ಆವಿ, ಸಾರಿನ ಆವಿ ಅದರೊಳಗೆ ಹೋದಾಗ ನೀರಾಗಿ ಇಳಿಯುತ್ತದೆ, ಪೈಪಿನ ಜಿಡ್ಡನ್ನೂ ತೊಳೆದುಕೊಂಡು ಚಹಾದ ಬಣ್ಣದಲ್ಲಿ ಕೆಳಗೆ ಬರುತ್ತದೆ. ನೋಡಿದವರಿಗೆ ಎಣ್ಣೆಯಂತೆಯೇ ಕಾಣುತ್ತದೆ. ಒಂದು ಹನಿಯನ್ನು ದಿನಪತ್ರಿಕೆಯ ಮೇಲೆ ಹಿಡಿದು ಒಂದು ಗಂಟೆ ಬಿಡಿ. ನೀರಾದರೆ ಒಣಗಿ ಸುತ್ತ ಒಂದು ಕಂದು ಗೆರೆ ಉಳಿಯುತ್ತದೆ. ಎಣ್ಣೆಯಾದರೆ ಕಾಗದ ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿಯೇ ಇರುತ್ತದೆ, ಮರುದಿನವೂ ಒಣಗುವುದಿಲ್ಲ. ನೀರೆಂದು ಗೊತ್ತಾದರೆ ಪೈಪಿನ ಇಳಿಜಾರು ನೋಡಿಸಿ. ಅಡ್ಡ ಹೋಗುವ ಪೈಪು ಹೊರಗೋಡೆಯ ಕಡೆಗೆ ತುಸು ಬಾಗಿರಬೇಕು, ಆಗ ನೀರು ಹೊರಗೇ ಸುರಿಯುತ್ತದೆ. ಸಾಮಾನ್ಯವಾಗಿ ಮಡಿಕೆ ಪೈಪನ್ನು ಸಡಿಲವಾಗಿ ಎಳೆದಿರುತ್ತಾರೆ. ನಡುವೆ ಜೋತುಬಿದ್ದ ಕಡೆ ನೀರೂ ಜಿಡ್ಡೂ ಸೇರಿ ನಿಂತು, ತುಂಬಿದ ದಿನ ಒಂದೇ ಸಲ ಹಿಂದಕ್ಕೆ ಬರುತ್ತದೆ.

ಅಡುಗೆ ಮುಗಿದ ಕೂಡಲೇ ಚಿಮ್ನಿ ಆರಿಸದೆ ಇನ್ನೂ ಐದು ನಿಮಿಷ ಓಡಲು ಬಿಟ್ಟರೆ ಪೈಪಿನಲ್ಲಿ ಉಳಿದ ಆವಿ ಹೊರಗೆ ಹೋಗುತ್ತದೆ.

ತಪ್ಪು ಕಲ್ಪನೆ: ಫಿಲ್ಟರಿನ ಕಿಟ್ಟ ಹೋಗಬೇಕಾದರೆ ಖಾರವಾದ ರಾಸಾಯನಿಕವೇ ಬೇಕು, ಇಲ್ಲವಾದರೆ ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ನೊರೆ ಬರಿಸಬೇಕು.

ವಾಸ್ತವ: ನೊರೆ ನೋಡಲು ಚೆಂದ. ನಿಂಬೆಯ ಹುಳಿ ಮತ್ತು ಸೋಡಾ ಒಂದನ್ನೊಂದು ತಟಸ್ಥ ಮಾಡಿಕೊಂಡು ಗಾಳಿಗುಳ್ಳೆಯಾಗಿ ಮುಗಿದುಹೋಗುತ್ತವೆ. ಜಿಡ್ಡಿಗೆ ಬೇಕಾದದ್ದು ಕ್ಷಾರ. ಅದನ್ನು ನಾವೇ ಹುಳಿ ಹಾಕಿ ಕೊಂದಂತಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಅದು ಜಿಡ್ಡನ್ನು ಮುಟ್ಟುವುದಿಲ್ಲ, ಸ್ಟೀಲಿನಲ್ಲಿ ಮಾತ್ರ ಸೂಜಿಮೊನೆಯಷ್ಟು ಗುಳಿ ಬೀಳಿಸುತ್ತದೆ. ಆಮೇಲೆ ಆ ಗುಳಿಗಳಲ್ಲಿ ತುಕ್ಕು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಜಿಡ್ಡನ್ನು ಕರಗಿಸುವುದು ನಿಜ, ಆದರೆ ಕಾಲುವೆಯ ಮಡಿಕೆಗಳಲ್ಲಿ ಉಳಿದ ಅವುಗಳ ಆವಿ ಸ್ಟವ್ ಉರಿಯ ಮೇಲೇ ತೂಗಾಡುತ್ತಿರುತ್ತದೆ ಎಂಬುದನ್ನು ನೆನೆದರೆ ಸಾಕು.

ಜಿಡ್ಡಿನಲ್ಲಿ ಎರಡು ಬಗೆ. ಹೊಸದು ಮೆತ್ತಗೆ, ಹಳದಿ, ಬಿಸಿನೀರಿಗೂ ಪಾತ್ರೆ ಸೋಪಿಗೂ ಬಿಟ್ಟುಕೊಡುತ್ತದೆ. ಹಳೆಯದು ಕಂದು, ಅಂಟಂಟು, ಉಗುರಿನಲ್ಲಿ ಕೆರೆದರೆ ರಬ್ಬರಿನಂತೆ ಸುರುಳಿ ಬರುತ್ತದೆ. ಎಣ್ಣೆ ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾದದ್ದು ಅದು, ಮರಕ್ಕೆ ಬಳಿಯುವ ವಾರ್ನಿಷ್ ಒಣಗುವುದೂ ಹೀಗೆಯೇ. ಸೂರ್ಯಕಾಂತಿ ಎಣ್ಣೆ ಈ ಕೆಲಸದಲ್ಲಿ ಕಡಲೆಕಾಯಿ ಎಣ್ಣೆಗಿಂತ ಚುರುಕು. ಅಲ್ಲಿಗೆ ಬರುವ ಮೊದಲೇ ತೊಳೆದರೆ ಅರ್ಧ ಗಂಟೆಯ ಕೆಲಸ. ಅಂಚಿನ ಮೇಲೆ ಬೆರಳು ಜಾರುವ ಬದಲು ಅಂಟಿಕೊಳ್ಳತೊಡಗಿದರೆ ಸಮಯವಾಯಿತೆಂದು ತಿಳಿಯಬಹುದು. ದಿನವೂ ಒಗ್ಗರಣೆ, ಆಗಾಗ ಕರಿಯುವುದು ಇರುವ ಮನೆಗೆ ಸುಮಾರು ಮೂರು ವಾರ, ಅವರೆ ಕಾಲದಲ್ಲಿ ಹದಿನೈದು ದಿನ.

ನಾವು ಮಾಡುವುದು ಹೀಗೆ. ಚಿಮ್ನಿಯ ಪ್ಲಗ್ ಕಿತ್ತು, ಸ್ಟವ್ ಮೇಲೆ ಹಳೆಯ ಪತ್ರಿಕೆ ಹಾಸಿ, ಮೊದಲು ಎಣ್ಣೆ ಬಟ್ಟಲನ್ನು ತೆಗೆಯುತ್ತೇವೆ. ಅದರ ಎಣ್ಣೆಯನ್ನು ಸಿಂಕಿಗೆ ಸುರಿದರೆ ಪೈಪಿನಲ್ಲಿ ಗಟ್ಟಿಯಾಗಿ ಮುಂದಿನ ತೊಂದರೆಗೆ ನಾಂದಿ. ಹಾಲಿನ ಖಾಲಿ ಕವರಿಗೆ ಸುರಿದು ಕಟ್ಟಿ ಕಸಕ್ಕೆ ಹಾಕಬೇಕು. ಫಿಲ್ಟರನ್ನು ಅಡ್ಡವಾಗಿಯೇ ಇಳಿಸಿ, ವಾಲಿಸಿದರೆ ಕಾಲುವೆಯ ಎಣ್ಣೆ ತೋಳಿನ ಮೇಲೆ ಇಳಿಯುತ್ತದೆ. ಫಿಲ್ಟರ್ ಮುಳುಗುವಷ್ಟು ಅಗಲದ ಟಬ್ಬಿನಲ್ಲಿ, ಕೈ ಇಟ್ಟರೆ ತಡೆಯಲಾರದಷ್ಟು ಬಿಸಿಯಾದ ಹತ್ತು ಲೀಟರ್ ನೀರಿಗೆ ಸುಮಾರು 200 ಗ್ರಾಂ ವಾಷಿಂಗ್ ಸೋಡಾ, ಜೊತೆಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ. ವಾಷಿಂಗ್ ಸೋಡಾ ಬೇರೆ, ಅಡುಗೆ ಸೋಡಾ ಬೇರೆ. ಮೊದಲನೆಯದರ ಕ್ಷಾರ ಬಹಳ ಹೆಚ್ಚು. ಅದು ಎಣ್ಣೆಯ ಒಂದಿಷ್ಟನ್ನು ಸಾಬೂನಾಗಿಸುತ್ತದೆ, ಆ ಸಾಬೂನೇ ಉಳಿದ ಎಣ್ಣೆಯನ್ನು ಎತ್ತುತ್ತದೆ. ನಮ್ಮ ಅಜ್ಜಿಯರು ಎಣ್ಣೆಪಾತ್ರೆಗೆ ಒಲೆಯ ಬೂದಿ ಹಾಕಿ ಉಜ್ಜುತ್ತಿದ್ದರಲ್ಲ, ಆ ಬೂದಿಯಲ್ಲಿದ್ದದ್ದೂ ಇದರ ಹತ್ತಿರದ ನೆಂಟನೇ. ಕೊಳವೆಬಾವಿಯ ಗಡಸುನೀರಿಗೂ ಸೋಡಾ ಒಳ್ಳೆಯದು, ಸೋಪು ಬೇಗ ಕೆಲಸ ಮಾಡುತ್ತದೆ. ರಬ್ಬರ್ ಕೈಗವಸು ಮರೆಯಬಾರದು.

ಅರ್ಧ ಗಂಟೆ ನೆನೆದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಾಲುವೆಯ ಉದ್ದಕ್ಕೆ ಉಜ್ಜಬೇಕು, ತಳದ ತೂತುಗಳಿಗೆ ಕಡ್ಡಿ ಹಾಕಿ ಬಿಡಿಸಬೇಕು. ಇಷ್ಟಕ್ಕೂ ಬಿಡದ ವಾರ್ನಿಷ್ ಕಲೆಗೆ ಇನ್ನೊಂದು ಸಲ ಬಿಸಿನೀರು. ಕಬ್ಬಿಣದ ನಾರು ಹಾಕಿದರೆ ಗೀರು ಬಿದ್ದು ಮುಂದೆ ಜಿಡ್ಡಿಗೆ ಹಿಡಿತ ಸಿಗುತ್ತದೆ. ತೊಳೆದ ಮೇಲೆ ಗೋಡೆಗೆ ಒರಗಿಸಿ, ತೂತು ಕೆಳಗಿರುವಂತೆ ಪೂರ್ತಿ ಒಣಗಿಸಿ. ಒದ್ದೆಯಾಗಿಯೇ ಕೂರಿಸಿದ ಫಿಲ್ಟರಿನಿಂದ ಅಂದು ಸಂಜೆ ಬೀಳುವ ಹನಿ ನೋಡಿ, ತೊಳೆದರೂ ಎಣ್ಣೆ ನಿಲ್ಲಲಿಲ್ಲ ಎನ್ನುವವರಿದ್ದಾರೆ.

ಒಂದು ಎಚ್ಚರಿಕೆ. ಇದೆಲ್ಲ ಸ್ಟೀಲ್ ಬ್ಯಾಫಲ್‌ಗೆ. ನಿಮ್ಮ ಚಿಮ್ನಿಯಲ್ಲಿರುವುದು ಪದರಪದರವಾದ ಅಲ್ಯೂಮಿನಿಯಂ ಜಾಲರಿಯಾದರೆ ಸೋಡಾ ಅದನ್ನು ಕಪ್ಪಾಗಿಸಿ ತಿನ್ನುತ್ತದೆ, ಕಾಸ್ಟಿಕ್ ಸೋಡಾ ಕರಗಿಸಿಯೇಬಿಡುತ್ತದೆ. ಅದಕ್ಕೆ ಬಿಸಿನೀರು, ಪಾತ್ರೆ ಸೋಪು ಅಷ್ಟೇ. ಪೈಪಿಲ್ಲದ ಚಿಮ್ನಿಯ ಇದ್ದಿಲು ಫಿಲ್ಟರನ್ನು ತೊಳೆಯುವಂತೆಯೇ ಇಲ್ಲ, ಬದಲಿಸಬೇಕು. ಫಿಲ್ಟರ್ ಕೊಳೆಯಾಗದಿರಲೆಂದು ಕೆಳಗೆ ಬಟ್ಟೆ, ಟಿಶ್ಯೂ ಅಂಟಿಸುವುದೂ ಬೇಡ: ಗಾಳಿ ನಿಲ್ಲುತ್ತದೆ, ಎಣ್ಣೆ ಕುಡಿದ ಬಟ್ಟೆ ಬೆಂಕಿಯ ಮೇಲೆ ಬತ್ತಿಯಾಗಿ ಕೂರುತ್ತದೆ.

ತಪ್ಪು ಕಲ್ಪನೆ: ಆಟೋಕ್ಲೀನ್ ಇದ್ದರೆ ಕೈ ಹಾಕುವ ಕೆಲಸವೇ ಇಲ್ಲ.

ವಾಸ್ತವ: ಆ ಗುಂಡಿ ಒತ್ತಿದಾಗ ಬ್ಲೋವರ್ ಗೂಡಿನ ತಂತಿಯೊಂದು ಕಾದು ಅಲ್ಲಿನ ಜಿಡ್ಡನ್ನು ಕರಗಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ. ಕೆಲವು ಮಾದರಿಗಳಲ್ಲಿ ನೀರನ್ನೂ ಚಿಮುಕಿಸುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ. ಕರಗುವುದು ಹೊಸ ಜಿಡ್ಡು ಮಾತ್ರ. ವಾರ್ನಿಷ್ ಆದದ್ದು ಕಾಯಿಸಿದಷ್ಟೂ ಗಟ್ಟಿ. ಬಟ್ಟಲು ಖಾಲಿ ಮಾಡುವುದು, ಬ್ಯಾಫಲ್ ಇದ್ದರೆ ಅದನ್ನು ತೊಳೆಯುವುದು, ಪೈಪು ನೋಡುವುದು ಮೂರೂ ನಮ್ಮ ತಲೆಯ ಮೇಲೇ ಉಳಿಯುತ್ತವೆ. ಆರು ತಿಂಗಳು ಒತ್ತದೆ ಬಿಟ್ಟು ಒಂದು ದಿನ ಒತ್ತಿದರೆ ಬಟ್ಟಲು ಉಕ್ಕಿ ಸ್ಟವ್ ಮೇಲೆಲ್ಲ ಎಣ್ಣೆ ಹರಿದು, ಚಿಮ್ನಿ ಕೆಟ್ಟಿತು ಎಂಬ ಇನ್ನೊಂದು ಸುದ್ದಿ ಹುಟ್ಟುತ್ತದೆ.

ತಪ್ಪು ಕಲ್ಪನೆ: ಹೆಚ್ಚು ಸದ್ದು ಮಾಡಿದರೆ ಹೆಚ್ಚು ಎಳೆಯುತ್ತಿದೆ, ಕಿಟಕಿ ಬಾಗಿಲು ಮುಚ್ಚಿದರೆ ಇನ್ನೂ ಚೆನ್ನಾಗಿ ಎಳೆಯುತ್ತದೆ.

ವಾಸ್ತವ: ಲೆಕ್ಕ ಹಾಕಿ ನೋಡೋಣ. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿರುವುದು ಸುಮಾರು 23 ಘನ ಮೀಟರ್ ಗಾಳಿ. ಡಬ್ಬಿಯ ಮೇಲೆ ಗಂಟೆಗೆ 1200 ಘನ ಮೀಟರ್ ಎಂದು ಬರೆದ ಚಿಮ್ನಿ, ಆ ಮಾತು ನಿಜವಾದರೆ, ನಿಮಿಷಕ್ಕೆ 20 ಘನ ಮೀಟರ್ ಹೊರಹಾಕಬೇಕು. ಹೆಚ್ಚುಕಡಿಮೆ ಅಡುಗೆಮನೆಯ ಅಷ್ಟೂ ಗಾಳಿ ಒಂದೇ ನಿಮಿಷದಲ್ಲಿ. ಅಷ್ಟು ಹೊರಗೆ ಹೋಗಬೇಕಾದರೆ ಅಷ್ಟೇ ಒಳಗೆ ಬರಬೇಕಲ್ಲ. ಎಲ್ಲ ಮುಚ್ಚಿದ ಕೋಣೆಯಲ್ಲಿ ಬ್ಲೋವರ್ ಬರಿದೇ ಗಾಳಿ ಕಡೆಯುತ್ತದೆ. ಹಾಗೆಂದು ಸ್ಟವ್ ಪಕ್ಕದ ಕಿಟಕಿಯನ್ನೇ ಪೂರ್ತಿ ತೆರೆದರೆ ಬೀಸುಗಾಳಿ ಹೊಗೆಯನ್ನು ಚಿಮ್ನಿಯ ಕೆಳಗಿಂದ ತಳ್ಳಿಕೊಂಡು ಹೋಗುತ್ತದೆ. ದೂರದ ಬಾಗಿಲನ್ನು ಗೇಣಗಲ ತೆರೆದಿಡುವುದು ಸರಿ.

ಸದ್ದಿನ ವಿಷಯ ಇನ್ನೂ ತಲೆಕೆಳಗು. ದಾರಿ ಕಟ್ಟಿದಾಗ ಚಕ್ರಕ್ಕೆ ಸಾಗಿಸಲು ಗಾಳಿಯೇ ಕಡಿಮೆ, ಹೊರೆ ಇಳಿದು ಅದು ಇನ್ನಷ್ಟು ವೇಗವಾಗಿ ತಿರುಗುತ್ತದೆ. ಸ್ವರ ಏರುತ್ತದೆ, ಎಳೆತ ಇಳಿಯುತ್ತದೆ. ಗಡಗಡ ಅದುರಿದರೆ ಎಲೆಗಳಿಗೆ ಜಿಡ್ಡು ಒಂದೇ ಕಡೆ ಹತ್ತಿ ಸಮತೋಲ ತಪ್ಪಿದೆ. ಕಿರ್ರೆಂದು ಕೊರೆಯುವ ಸದ್ದಾದರೆ ಬೇರಿಂಗ್.

ತಪ್ಪು ಕಲ್ಪನೆ: ವಾಸ್ತು ಪ್ರಕಾರ ಹೊಗೆ ಪೂರ್ವಕ್ಕೇ ಹೋಗಬೇಕು, ಪೈಪು ಎಷ್ಟು ಸುತ್ತಿದರೂ ಪರವಾಗಿಲ್ಲ.

ವಾಸ್ತವ: ಒಲೆ ಆಗ್ನೇಯದಲ್ಲಿರಲಿ ಎಂಬುದನ್ನು ಪಾಲಿಸುವವರ ಜೊತೆ ನಮಗೆ ಜಗಳವಿಲ್ಲ. ಆಗ್ನೇಯ ಮೂಲೆಗೆ ಎರಡು ಹೊರಗೋಡೆ ಸಿಗುತ್ತವೆ, ಪೈಪಿಗೆ ಅದಕ್ಕಿಂತ ಅನುಕೂಲವಿಲ್ಲ. ತೊಂದರೆ ಬರುವುದು ಒಲೆ ಒಂದು ಕಡೆ ಇದ್ದು, ತೂತನ್ನು ಮಾತ್ರ ದಿಕ್ಕು ನೋಡಿ ಕೊರೆಸಿದಾಗ. ಪೈಪು ಮೇಲೆ ಹೋಗಿ, ತೊಲೆ ಸುತ್ತಿ, ಮೂರು ತಿರುವು ತೆಗೆದುಕೊಂಡು ಕೋಣೆಯ ಆ ತುದಿಗೆ ತಲುಪುತ್ತದೆ. ಪ್ರತಿ ತಿರುವೂ ಗಾಳಿಗೆ ಅಡ್ಡಿ, ಜಿಡ್ಡಿಗೆ ತಂಗುದಾಣ. ಇದಕ್ಕೂ ದೊಡ್ಡ ತಪ್ಪು ಪೈಪಿನ ಗಾತ್ರದ್ದು. ಹೆಚ್ಚಿನ ಚಿಮ್ನಿಗಳ ಬಾಯಿ 6 ಇಂಚು. ಗೋಡೆಯಲ್ಲಿ 4 ಇಂಚಿನ ಪಿವಿಸಿ ಪೈಪು ಮೊದಲೇ ಇದೆ ಎಂದು ಅದಕ್ಕೇ ತುರುಕುತ್ತಾರೆ. ಎರಡಿಂಚು ತಾನೇ ಎನ್ನಿಸುತ್ತದೆ, ಆದರೆ 6 ಇಂಚಿನ ಬಾಯಿಯ ವಿಸ್ತೀರ್ಣ 28 ಚದರ ಇಂಚು, 4 ಇಂಚಿನದು 12.5. ಅರ್ಧಕ್ಕಿಂತ ಕಡಿಮೆ. ಹೊಸ ಚಿಮ್ನಿ ಮೊದಲ ದಿನದಿಂದಲೇ ಎಳೆಯದಿದ್ದರೆ ಇದನ್ನು ಅಳೆಯಿರಿ.

ತಪ್ಪು ಕಲ್ಪನೆ: ಮೋಟಾರಿನ ತೊಂದರೆಯೆಂದರೆ ಒಂದೇ, ಸುಟ್ಟುಹೋಗುವುದು; ರಿವೈಂಡ್ ಮಾಡಿಸಿದರೆ ಹೊಸದರಂತೆ.

ವಾಸ್ತವ: ಮಾಗಡಿ ಕೋಟೆಯಾಚೆಯ ಹೊಸ ಬಡಾವಣೆಯಲ್ಲಿರುವ ನಮ್ಮ ಸೋದರತ್ತೆಯ ಮನೆಯ ಚಿಮ್ನಿಯನ್ನೇ ನೋಡಿ. ಒಂದು ದಿನ ಗುಂಡಿ ಒತ್ತಿದರೆ ಗುಂಯ್ ಎಂದಿತು, ತಿರುಗಲಿಲ್ಲ. ಕರೆಸಿದ ಮೆಕ್ಯಾನಿಕ್, “ಮೋಟ್ರು ಹೋಗ್ಬಿಟ್ಟೈತೆ ಅಮ್ಮಾ, ರಿವೈಂಡ್ ಮಾಡುಸ್ಬೇಕು” ಎಂದು ಬಿಚ್ಚಿಕೊಂಡು ಹೋದರು. ವಾರ ಬಿಟ್ಟು ತಂದು ಕೂರಿಸಿದರು. ಸದ್ದಿಲ್ಲದೆ ತಿರುಗಿತು, ಆದರೆ ಪತ್ರಿಕೆ ನಿಲ್ಲಲಿಲ್ಲ. ಫಿಲ್ಟರ್ ತೊಳೆಸಿದರು, ಪೈಪು ಬದಲಿಸಿದರು, ಆದರೂ ಇಲ್ಲ.

ಇದರಲ್ಲಿ ಎರಡು ಸಂಗತಿ ಅಡಗಿತ್ತು. ಚಿಮ್ನಿಯ ಮೋಟಾರಿಗೆ ಸೀಲಿಂಗ್ ಫ್ಯಾನಿನಂತೆ ಒಂದು ಕೆಪಾಸಿಟರ್ ಇರುತ್ತದೆ, ಹೊರಡಲು ಬೇಕಾದ ತಳ್ಳು ಅದರಿಂದಲೇ. ಅದು ಸೊರಗಿದರೆ ಮೋಟಾರು ಗುಂಯ್‌ಗುಡುತ್ತದೆ, ತಿರುಗದು. ಅರ್ಧ ಸೊರಗಿದ್ದರೆ ನಿಧಾನ ತಿರುಗುತ್ತದೆ. ಸುರುಳಿ ಸುಟ್ಟ ಮೋಟಾರಿಗೆ ಕಮಟು ವಾಸನೆಯಿರುತ್ತದೆ, ಇಲ್ಲಿ ಇರಲಿಲ್ಲ. ಮೀಟರಿನಲ್ಲಿ ಕೆಪಾಸಿಟರ್ ಅಳೆದು, ಮೇಲೆ ಮುದ್ರಿಸಿದ ಮೈಕ್ರೊಫ್ಯಾರಡ್‌ಗಿಂತ ತುಂಬ ಕಡಿಮೆಯಿದ್ದರೆ ಅದೇ ಅಳತೆಯ, ಅದೇ ವೋಲ್ಟಿನ ಹೊಸದನ್ನು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಈ ಕೆಲಸ ತಿಳಿದವರಿಗೇ ಬಿಡಬೇಕು.

ಎರಡನೆಯದು ರಿವೈಂಡ್ ಆದ ಮೇಲಿನ ತೊಂದರೆ. ಮೋಟಾರಿನ ವೈರುಗಳು ಅದಲುಬದಲಾಗಿ ಚಕ್ರ ಹಿಮ್ಮುಖ ತಿರುಗುತ್ತಿತ್ತು. ಸೀಲಿಂಗ್ ಫ್ಯಾನು ಹಿಮ್ಮುಖವಾದರೆ ಗಾಳಿ ಮೇಲಕ್ಕೆ ಹೋಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಚಿಮ್ನಿಯ ಪಂಜರದಂಥ ಚಕ್ರ ಹಾಗಲ್ಲ. ಅದು ನಡುವಿನಿಂದ ಎಳೆದು ಅಂಚಿಗೆ ಎಸೆಯುತ್ತದೆ, ಯಾವ ಕಡೆ ತಿರುಗಿದರೂ ಎಳೆಯುವುದು ಎಳೆಯುತ್ತದೆ, ಆದರೆ ಬಹಳ ಕಡಿಮೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಗೂಡಿನ ಮೇಲೆ ಸಾಮಾನ್ಯವಾಗಿ ಬಾಣದ ಗುರುತಿರುತ್ತದೆ. ಇಲ್ಲದಿದ್ದರೆ ಫಿಲ್ಟರ್ ತೆಗೆದು, ಆರಿಸಿದ ಮೇಲೆ ಚಕ್ರ ನಿಲ್ಲುವ ಹೊತ್ತಿನಲ್ಲಿ ಟಾರ್ಚ್ ಬಿಟ್ಟು ನೋಡಿ: ಎಲೆಗಳ ಬಗ್ಗಿದ ಒಳಮೈ, ಸೌಟಿನ ಹಳ್ಳದಂತಿರುವ ಬದಿ, ಮುಂದಾಗಿ ಸಾಗಬೇಕು. ಬೆನ್ನು ಮುಂದಾಗಿದ್ದರೆ ಹಿಮ್ಮುಖ. ಅತ್ತೆಯ ಮನೆಯಲ್ಲಿ ಎರಡು ವೈರು ಬದಲಿಸಿದ ಮೇಲೆ ಪತ್ರಿಕೆ ಅಂಟಿಕೊಂಡು ನಿಂತಿತು.

ಮೋಟಾರನ್ನು ನಾವೇ ನೋಡಲು ಇನ್ನೂ ಕೆಲವು ದಾರಿಗಳಿವೆ. ಪ್ಲಗ್ ಕಿತ್ತು, ಚಕ್ರವನ್ನು ಬೆರಳಿನಿಂದ ತಿರುಗಿಸಿ. ಹಗುರವಾಗಿ ಕೆಲವು ಸುತ್ತು ಹೋಗಿ ತಾನೇ ನಿಂತರೆ ಬೇರಿಂಗ್ ಸರಿ. ಮರಳು ಸಿಕ್ಕಂತೆ ಕರಕರ ಎಂದರೆ ಅಲ್ಲ. ಅಂಟಿನಲ್ಲಿ ಸಿಕ್ಕಂತೆ ತಟ್ಟನೆ ನಿಂತರೆ ಅದು ಜಿಡ್ಡು. ಎಲೆಗಳ ಹಳ್ಳ ತುಂಬಿ ಚಪ್ಪಟೆಯಾಗಿದ್ದರೆ ಅವು ಗಾಳಿ ಹಿಡಿಯಲಾರವು, ಮೋಟಾರು ಹೊಸದಾದರೂ. ಚಕ್ರ ಬಿಚ್ಚಿ ತೊಳೆಸಬೇಕು. ಅದರ ನಡುವಿನ ನಟ್ಟು ಬಹಳಷ್ಟು ಮಾದರಿಗಳಲ್ಲಿ ಎಡಮರೆಯದು, ಎಂದಿನಂತೆ ಬಿಚ್ಚಲು ಹೋದರೆ ಇನ್ನಷ್ಟು ಬಿಗಿದು ಚಕ್ರ ಸೀಳುತ್ತದೆ. ಮೂರು ವೇಗಗಳಲ್ಲಿ ಒಂದು ಮಾತ್ರ ಸತ್ತಿದ್ದರೆ ಮೊದಲು ಗುಂಡಿಯನ್ನೋ ಅದರ ಹಿಂದಿನ ಬೋರ್ಡನ್ನೋ ನೋಡಿಸಿ. ಅರ್ಧ ಗಂಟೆ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಹೊರಟರೆ ಒಳಗಿನ ಶಾಖದ ಕಡಿತ ಕೆಲಸ ಮಾಡುತ್ತಿದೆ. ಗಾಳಿ ಹರಿಯದೆ ಮೋಟಾರು ತಣಿಯುತ್ತಿಲ್ಲ ಎಂದು ಮೊದಲು ಅನುಮಾನಿಸಿ, ಮತ್ತೆ ಫಿಲ್ಟರಿಗೂ ಪೈಪಿಗೂ ಹೋಗಿ.

ತಪ್ಪು ಕಲ್ಪನೆ: ಗ್ಯಾಸ್ ಸೋರಿದ ವಾಸನೆ ಬಂದರೆ ಕೂಡಲೇ ಚಿಮ್ನಿ ಹಾಕಬೇಕು, ಎಳೆದುಕೊಂಡು ಹೋಗುತ್ತದೆ.

ವಾಸ್ತವ: ಇದೊಂದು ಮಾತ್ರ ಅಪಾಯದ ಮಾತು. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಸ್ಟವ್‌ಗಿಂತ ಎರಡಡಿ ಮೇಲಿರುವ ಚಿಮ್ನಿಗೆ ಅದು ಸಿಗುವುದು ಕಷ್ಟ, ಗುಂಡಿ ಒತ್ತಿದಾಗ ಹಾರುವ ಕಿಡಿ ಮಾತ್ರ ಅದಕ್ಕೆ ಸಿಗಬಹುದು. ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿ ತೆರೆದು ಹೊರಗೆ ಬಂದು, 1906ಕ್ಕೆ ಕರೆ ಮಾಡಬೇಕು. ಬಾಣಲೆಯ ಎಣ್ಣೆಗೇ ಬೆಂಕಿ ಹೊತ್ತಿದರೆ ಲೆಕ್ಕ ಬೇರೆ: ಸ್ಟವ್ ಆರಿಸಿ, ಚಿಮ್ನಿಯನ್ನೂ ಆರಿಸಿ, ಏಕೆಂದರೆ ಅದು ಜ್ವಾಲೆಯನ್ನು ಫಿಲ್ಟರಿನ ಜಿಡ್ಡಿನವರೆಗೆ ಎಳೆಯುತ್ತದೆ. ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಬೇಕು, ನೀರು ಹಾಕಬಾರದು, ಎಣ್ಣೆ ತಣಿಯುವವರೆಗೆ ತಟ್ಟೆ ಎತ್ತಬಾರದು.